ಜರ್ಮನಿಯಲ್ಲಿ ತೆರಿಗೆ ಹಿಡಿದ ಸಂಬಳಕ್ಕೆ ಭಾರತದಲ್ಲೂ ತೆರಿಗೆ ಇದೆಯಾ?

ಪ್ರಶ್ನೆ: 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಜರ್ಮನಿಗೆ ಬಂದೆ. ಇಲ್ಲಿ ಸಂಬಳದಲ್ಲೇ ತೆರಿಗೆ ಹಿಡಿಯುತ್ತಾರೆ. ಭಾರತದಲ್ಲೂ ಮತ್ತೆ ಕಟ್ಟಬೇಕಾ?

ಸ್ವಲ್ಪ ಕಟ್ಟಬೇಕಾಗಬಹುದು. ನಾನು ಇಂಥ ರಿಟರ್ನ್‌ಗಳನ್ನು ಮಾಡಿಕೊಡುವವನು. "ಎರಡು ಸಲ ತೆರಿಗೆ ಬೀಳದಂತೆ ಎರಡು ದೇಶದ ನಡುವೆ ಒಪ್ಪಂದ ಇದೆಯಲ್ಲ, ಚಿಂತೆ ಇಲ್ಲ" ಎಂದುಕೊಂಡು ಬರುವವರೇ ಜಾಸ್ತಿ.

ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ನೀವು ಭಾರತದಲ್ಲೇ ಇದ್ದಿರಿ, ಅಂದರೆ 182 ದಿನ ದಾಟಿದೆ. ಹಾಗಾಗಿ 2024-25ಕ್ಕೆ ನೀವು ಭಾರತದ ನಿವಾಸಿ. ಮಾರ್ಚ್‌ವರೆಗಿನ ಜರ್ಮನ್ ಸಂಬಳವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಮುಂಚೆ ಹೊರಟು, ಮಾರ್ಚ್‌ವರೆಗೆ ಈ ಕಡೆ ಬರದೆ ಇದ್ದಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಒಂದು ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಇಲ್ಲಿನ ಸಂಬಳ 12 ಲಕ್ಷ, ಜರ್ಮನಿಯದ್ದು 16 ಲಕ್ಷ, ಅಲ್ಲಿ ಹಿಡಿದ ತೆರಿಗೆ 4 ಲಕ್ಷ ಎಂದುಕೊಳ್ಳಿ. ಆ ವರ್ಷದ ಹೊಸ ಪದ್ಧತಿಯಲ್ಲಿ 28 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 5,51,200. ಸರಾಸರಿ ಶೇ. 19.7ರಷ್ಟಾಯಿತು. ಆ ದರದಲ್ಲಿ 16 ಲಕ್ಷದ ಪಾಲು ಸುಮಾರು 3.15 ಲಕ್ಷ. ಅಲ್ಲಿ ಕಟ್ಟಿದ್ದು, ಇಲ್ಲಿ ಬರುವ ಪಾಲು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಇಲ್ಲಿನ ತೆರಿಗೆಯಲ್ಲಿ ಕಳೆಯುತ್ತಾರೆ, ಅದೇ ಕ್ರೆಡಿಟ್. ಮಿಕ್ಕ 85 ಸಾವಿರ ಇಲ್ಲಿ ಸಿಗುವುದಿಲ್ಲ.

ಇಷ್ಟಾದರೂ 2.36 ಲಕ್ಷ ಉಳಿಯಿತು. ನಿಮ್ಮ ಹಳೇ ಕಂಪನಿ ಬರೀ 12 ಲಕ್ಷ ನೋಡಿ ಟಿಡಿಎಸ್ ಹಿಡಿದಿರುತ್ತದೆ, ಅದು 83,200. ಇನ್ನೂ ಒಂದೂವರೆ ಲಕ್ಷ ಕೈಯಿಂದ ಹಾಕಬೇಕು, ಜೊತೆಗೆ ಮುಂಗಡ ತೆರಿಗೆ ಕಟ್ಟಿಲ್ಲವೆಂದು ಬಡ್ಡಿ. ಇದು ಜರ್ಮನ್ ಸಂಬಳಕ್ಕೆ ಎರಡನೇ ತೆರಿಗೆ ಅಲ್ಲ. ಆ ಸಂಬಳ ಸೇರಿದ್ದರಿಂದ ಇಲ್ಲಿನ 12 ಲಕ್ಷದ ಸರಾಸರಿ ದರವೇ ಮೇಲೇರಿತು, ಅಷ್ಟೇ.

ಕ್ರೆಡಿಟ್ ತಾನಾಗಿ ಬರುವುದಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಫಾರಂ 67 ಹಾಕಬೇಕು. 2024-25ರದ್ದಕ್ಕೆ ಕಡೇ ದಿನ 2026ರ ಮಾರ್ಚ್ 31 ಇದ್ದರೂ ರಿಟರ್ನ್‌ಗೆ ಮುಂಚೆಯೇ ಹಾಕಿಬಿಡಿ. ಐಟಿಆರ್-2ರಲ್ಲಿ ವಿದೇಶಿ ಆದಾಯಕ್ಕೆ ಎಫ್‌ಎಸ್‌ಐ, ಅಲ್ಲಿ ಕಟ್ಟಿದ ತೆರಿಗೆಗೆ ಟಿಆರ್ ಎಂಬ ಎರಡು ಶೆಡ್ಯೂಲ್‌ಗಳಿವೆ. ಅಲ್ಲಿನ ಅಂಕಿಗಳೂ ಫಾರಂ 67ರವೂ ತಾಳೆಯಾಗಬೇಕು. ತೆರಿಗೆಯನ್ನು ರೂಪಾಯಿಗೆ ತಿರುಗಿಸಲು, ಅದನ್ನು ಹಿಡಿದ ತಿಂಗಳ ಹಿಂದಿನ ತಿಂಗಳ ಕೊನೇ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕ್ ವಿದೇಶಿ ಹಣ ಕೊಳ್ಳುವ ದರ ಬಳಸಿ. ಪೇಸ್ಲಿಪ್‌ನಲ್ಲಿ ಪಿಂಚಣಿ, ಆರೋಗ್ಯ ವಿಮೆಗೆ ಹಿಡಿದದ್ದು ತೆರಿಗೆಯಲ್ಲ, ಅದನ್ನು ಸೇರಿಸಬೇಡಿ.

ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಡಿಸೆಂಬರ್ ಒಂದೇ ತಿಂಗಳು ದುಡಿದಿದ್ದಕ್ಕೆ ಅಲ್ಲಿ ರಿಟರ್ನ್ ಹಾಕಿದರೆ ಸ್ವಲ್ಪ ವಾಪಸ್ ಬರಬಹುದು. ವಾಪಸ್ ಬಂದ ಹಣಕ್ಕೆ ಇಲ್ಲಿ ಕ್ರೆಡಿಟ್ ಕೇಳುವಂತಿಲ್ಲ.

ಮನೆ, ಸಂಸಾರ ಎಲ್ಲಾ ಅಲ್ಲಿಗೇ ಹೋಗಿದ್ದರೆ ಇನ್ನೊಂದು ದಾರಿ ಇದೆ. ಡಿಸೆಂಬರ್‌ನಿಂದ ಒಪ್ಪಂದದ ಪ್ರಕಾರ ನಾನು ಜರ್ಮನಿಯ ನಿವಾಸಿ, ಆ ಸಂಬಳಕ್ಕೆ ಇಲ್ಲಿ ತೆರಿಗೆಯೇ ಇಲ್ಲ ಎಂದು ವಾದಿಸಬಹುದು. ಅದಕ್ಕೆ ಅಲ್ಲಿನ ತೆರಿಗೆ ಕಚೇರಿಯಿಂದ ನಿವಾಸಿ ಪ್ರಮಾಣಪತ್ರ ಬೇಕು, ನೋಟಿಸ್ ಬಂದರೆ ಉತ್ತರಿಸಲು ಒಬ್ಬ ಸಿಎ ಕೂಡ ಬೇಕು.