ಮಂಚ ಕೂರಿಸುವ ಮೊದಲು ಟೈಲ್ಸ್ ಎಣಿಸಿ

ವಿದ್ಯಾನಗರದಲ್ಲಿ ನಮ್ಮ ಮನೆ ಮಾರಾಟಕ್ಕಿದೆ, ಸದ್ಯ ಖಾಲಿ. ಫೋಟೋದಲ್ಲಿ ರೂಮು ಬೋಳು ಬೋಳಾಗಿ ಕಾಣುತ್ತೆ. ಕಂಪ್ಯೂಟರ್‌ನಲ್ಲಿ ಮಂಚ, ಬೀರು ಕೂರಿಸಿದರೆ ಮೋಸ ಮಾಡಿದ ಹಾಗೆ ಆಗುತ್ತಾ ಸಾರ್?

ಕೂರಿಸಿ, ಯಾರು ಬೇಡ ಅಂದರು? ದಾವಣಗೆರೆಯಲ್ಲಿ ಮನೆಗಳ ಫೋಟೋ ತೆಗೆಯುತ್ತಾ ಬಂದಿರುವ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಮಂಚದ ಬಣ್ಣ ಯಾವುದಿರಲಿ ಅಂತ ಎಲ್ಲರೂ ಕೇಳುತ್ತಾರೆ, ಅಳತೆ ಎಷ್ಟಿರಲಿ ಅಂತ ಒಬ್ಬರೂ ಕೇಳುವುದಿಲ್ಲ. ಎಡವಟ್ಟು ಆಗೋದೇ ಅಲ್ಲಿ.

ನಾನೇ ಒಮ್ಮೆ ಎಡವಿದ್ದೇನೆ. ರೂಮು 10 ಅಡಿ ಅಗಲ, 11 ಅಡಿ ಉದ್ದ. ಡಬಲ್ ಮಂಚ, ಬೀರು, ಮೂಲೆಯಲ್ಲಿ ಒಂದು ಕುರ್ಚಿ, ಎಲ್ಲಾ ಹಾಕಿಯೂ ಮಕ್ಕಳು ಓಡಾಡುವಷ್ಟು ಜಾಗ ಉಳಿದಿತ್ತು. ನೋಡಲು ಬಂದ ಅಜ್ಜ ಒಬ್ಬರು ಬಾಗಿಲಲ್ಲೇ ನಿಂತು, ಫೋನಲ್ಲಿದ್ದ ಫೋಟೋ ಒಂದ್ಸಲ, ನೆಲ ಒಂದ್ಸಲ ನೋಡಿ, 'ಏನಪ್ಪಾ, ಇದು ಯಾರು ಮಲಗೋ ಮಂಚ?' ಅಂದರು. ಆಗ ಟೈಲ್ಸ್ ಎಣಿಸಿದೆ. ನೆಲಕ್ಕೆ ಹಾಕಿದ್ದು 2 ಅಡಿಯ ಟೈಲ್ಸ್. ಫೋಟೋದಲ್ಲಿ ನನ್ನ ಮಂಚ ಅಗಲಕ್ಕೆ ಸರಿಯಾಗಿ ಎರಡು ಟೈಲ್ಸ್, ಉದ್ದಕ್ಕೆ ಎರಡೂವರೆ ಮುಚ್ಚಿತ್ತು. ಅಂದರೆ 4 ಅಡಿಗೆ 5 ಅಡಿ. ಅಂಗಡಿಯಲ್ಲಿ ಕ್ವೀನ್ ಸೈಜ್ ಅಂತ ಕೊಡುವ ಹಾಸಿಗೆ 5 ಅಡಿಗೆ ಆರೂವರೆ ಅಡಿ, ಮಂಚದ ಚೌಕಟ್ಟು ಸೇರಿದರೆ ಇನ್ನೂ ಮೂರ್ನಾಲ್ಕು ಇಂಚು ಜಾಸ್ತಿ.

ಸರಿಯಾದ ಮಂಚ ಹಾಕಿ ಮತ್ತೆ ಲೆಕ್ಕ ಮಾಡಿದೆ. ತಲೆದೆಸೆ ಗೋಡೆಗೆ ತಾಗಿಸಿದರೆ 11 ಅಡಿಯಲ್ಲಿ ಹಾಸಿಗೆಗೇ ಆರೂವರೆ ಹೋಗುತ್ತದೆ. ಎದುರು ಗೋಡೆಗೆ ಬೀರು ಇಟ್ಟರೆ ಅದಕ್ಕೆ 2 ಅಡಿ. ಚೌಕಟ್ಟೂ ಸೇರಿದರೆ ನಡುವೆ ಉಳಿಯುವುದು ಎರಡೂವರೆ ಅಡಿಗೂ ಕಡಿಮೆ, ಬೀರಿನ ಬಾಗಿಲು ತೆರೆದರೆ ಒಬ್ಬರು ಅಡ್ಡ ತಿರುಗಿ ನಿಲ್ಲಬೇಕು. ಕುರ್ಚಿಯ ಮಾತೇ ಇಲ್ಲ. ಆ ರೂಮು ಇರುವುದೇ ಹಾಗೆ, ಫೋಟೋದಲ್ಲೂ ಹಾಗೇ ಕಾಣಬೇಕು.

ಹಾಗಾಗಿ ಎಡಿಟ್ ಮಾಡುವವರಿಗೆ ಫೋಟೋ ಜೊತೆ ರೂಮಿನ ಅಳತೆ, ಟೈಲ್ಸ್ ಅಳತೆ ಎರಡನ್ನೂ ಬರೆದು ಕೊಡಿ. ಫೋಟೋ ವಾಪಸ್ ಬಂದಾಗ ಮಂಚದ ಕಾಲು ನೆಲಕ್ಕೆ ತಾಗುವ ಕಡೆ ಟೈಲ್ಸ್ ಗೆರೆ ಹಿಡಿದು ಎಣಿಸಿ. ಮೇಲಿನ ಹಾಸಿಗೆಯ ಅಂಚು ನೋಡಿ ಎಣಿಸಿದರೆ ತಪ್ಪುತ್ತದೆ, ಅದು ನೆಲದಿಂದ ಎತ್ತರದಲ್ಲಿರುತ್ತಲ್ವಾ. ಟೈಲ್ಸ್ ಇಲ್ಲದೆ ರೆಡ್ ಆಕ್ಸೈಡ್ ನೆಲವಿದ್ದರೆ, ತೆಗೆಯುವ ಮೊದಲು ಗೋಡೆ ಪಕ್ಕ ಅಡಿ ಅಡಿಗೆ ಟೇಪ್ ಅಂಟಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಾಗಿಲು, ಕಿಟಕಿ, ಸ್ವಿಚ್ ಬೋರ್ಡ್ ಮುಚ್ಚುವ ಹಾಗೆ ಸಾಮಾನು ಇಡಿಸಬೇಡಿ. ಗೋಡೆಗೆ ಕೂಡಿಸಿದ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಎಸಿ ಇವನ್ನಂತೂ ಸೇರಿಸಲೇಬೇಡಿ, ಮನೆ ಜೊತೆ ಬರುತ್ತೆ ಅಂತಲೇ ಜನ ತಿಳಿಯುತ್ತಾರೆ.

'ಸಾಮಾನು ಕಂಪ್ಯೂಟರ್‌ನಲ್ಲಿ ಸೇರಿಸಿದ್ದು, ಮನೆ ಖಾಲಿ ಇದೆ' ಅಂತ ಫೋಟೋ ಮೇಲೇ ಬರೆಸಿ. ಕೆಳಗೆ ಬರೆದರೆ ಸಾಲದು, ವಾಟ್ಸಾಪ್‌ನಲ್ಲಿ ಬ್ರೋಕರ್‌ನಿಂದ ಬ್ರೋಕರ್‌ಗೆ ಹೋಗುವಾಗ ಫೋಟೋ ಮಾತ್ರ ಉಳಿಯುತ್ತದೆ. ಪಕ್ಕದಲ್ಲೇ ಖಾಲಿ ರೂಮಿನ ಫೋಟೋ ಕೂಡ ಇರಲಿ.

ಫೋನ್ ಕ್ಯಾಮೆರಾ 0.5ಗೆ ಇಟ್ಟು ತೆಗೆದರೆ ರೂಮು ದೊಡ್ಡದು ಕಾಣುತ್ತೆ ಅಂತ ಎಡಿಟಿಂಗ್ ಹುಡುಗ ಹೇಳಿದ. ಹೌದಾ?

ಕಾಣುತ್ತೆ. ಅಂಚಿನಲ್ಲಿರುವ ಟೈಲ್ಸ್ ಕೂಡ ರಬ್ಬರ್ ಎಳೆದ ಹಾಗೆ ಹಿಗ್ಗುತ್ತದೆ. 1xನಲ್ಲಿ, ಎದೆಮಟ್ಟಕ್ಕೆ ಹಿಡಿದು, ಮೂಲೆಗೆ ಬೆನ್ನು ಕೊಟ್ಟು ತೆಗೆಯಿರಿ.

ಗೋಡೆಯಲ್ಲಿ ತೇವದ ಕಲೆ ಇದೆ. ಹೇಗೂ ಪೇಂಟ್ ಮಾಡಿಸ್ತೀವಿ, ಫೋಟೋದಲ್ಲಿ ಅಳಿಸಬಹುದಲ್ವಾ?

ಬೇಡ. ನೆಲದ ಮೇಲಿನ ಪೊರಕೆ, ಬಕೆಟ್ ಅಳಿಸಿ. ಕತ್ತಲಿದ್ದರೆ ಬೆಳಕು ಏರಿಸಿ, ವಾಲಿದ ಗೋಡೆ ನೆಟ್ಟಗೆ ಮಾಡಿ, ಟ್ಯೂಬ್‌ಲೈಟಿನ ಹಸಿರು ಛಾಯೆ ತೆಗೆಯಿರಿ. ಇಷ್ಟೇ. ತೇವ, ಬಿರುಕು, ಕಿಟಕಿ ಎದುರಿನ ಟ್ರಾನ್ಸ್‌ಫಾರ್ಮರ್ ಮನೆ ಕೊಂಡವರ ಪಾಲಿಗೆ ಬರುವಂಥವು. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಗೊತ್ತಾಗದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅವರೇ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಪೇಂಟ್ ಮಾಡಿಸುವ ಮೊದಲು ನೀರು ಎಲ್ಲಿಂದ ಇಳೀತಿದೆ ಅಂತ ತಾರಸಿ ಹತ್ತಿ ನೋಡಿ.

'ಎಲ್ಲಾ ಬಿಲ್ಡರ್‌ಗಳೂ ಹೀಗೇ ಮಾಡ್ತಾರೆ' ಅಂತಾರಲ್ಲ?

ಜಾಹೀರಾತು ಸುಳ್ಳಾಗಿ, ಅದನ್ನು ನಂಬಿ ಅಡ್ವಾನ್ಸ್ ಕೊಟ್ಟವರು ಹಿಂದೆ ಸರಿದರೆ ಬಡ್ಡಿ ಸಮೇತ ಹಣ ವಾಪಸ್ ಕೊಡಬೇಕು ಅಂತ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಇರುವುದು ಅಂಥ ಬಿಲ್ಡರ್‌ಗಳಿಗಾಗಿಯೇ.

ಹುಲ್ಲು, ನೀಲಿ ಆಕಾಶ ಸೇರಿಸಿದರೆ?

ಆಕಾಶ ಬೇಕಾದರೆ ಸೇರಿಸಿ. 30x40 ಸೈಟಿನಲ್ಲಿ ಲಾನ್ ಎಲ್ಲಿಂದ ಬಂತು ಮಾರಾಯ್ರೇ?