ಅಳಿವೆಯ ಉಪ್ಪು ಮತ್ತು ಇ. ಕೋಲೈ

ನೇತ್ರಾವತಿಯ ಸಿಹಿನೀರಲ್ಲಿದ್ದ ಬ್ಯಾಕ್ಟೀರಿಯಾ ಅಳಿವೆಯ ಉಪ್ಪುನೀರಿಗೆ ಬಂದ್ರೆ, ನೀರು ಬದಲಾಗಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?

ಎರಡು ಪ್ರೋಟೀನುಗಳಿಂದ. ಕೊಳಚೆಯ ಜೊತೆ ಹೊಳೆ ಸೇರುವ ಇ. ಕೋಲೈಯನ್ನೇ ನೋಡೋಣ. ಅದರ ಒಳಪೊರೆಯಲ್ಲಿ ಎನ್ವ್‌ಝಡ್ ಎಂಬ ಸೆನ್ಸರ್ ಕೈನೇಸ್, ಅಂದರೆ ಹೊರಗಿನ ಬದಲಾವಣೆ ಗುರುತಿಸಿ ಫಾಸ್ಫೇಟ್ ಕೂರಿಸುವ ಪ್ರೋಟೀನ್ ಇದೆ. ಹೊರಗೆ ಉಪ್ಪು ಜಾಸ್ತಿಯಾದಾಗ ಅದು ಎಟಿಪಿಯಿಂದ ಫಾಸ್ಫೇಟ್ ತೆಗೆದು ತನ್ನದೇ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಮೇಲೆ ಕೂರಿಸಿಕೊಳ್ಳುತ್ತದೆ. ಅಲ್ಲಿಂದ ಆ ಫಾಸ್ಫೇಟ್ ಓಂಪ್‌ಆರ್ ಎಂಬ ರೆಸ್ಪಾನ್ಸ್ ರೆಗ್ಯುಲೇಟರಿಗೆ ದಾಟುತ್ತದೆ. ಓಂಪ್‌ಆರ್ ಡಿಎನ್‌ಎಗೆ ಅಂಟಿಕೊಂಡು ಯಾವ ಜೀನ್ ಓಡಬೇಕು ಅಂತ ತೀರ್ಮಾನಿಸುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. ಸಿಹಿನೀರಲ್ಲೂ ಸ್ವಲ್ಪ ಓಂಪ್‌ಆರ್ ಮೇಲೆ ಫಾಸ್ಫೇಟ್ ಇರುತ್ತದೆ. ಹೊರಪೊರೆಗೆ ದೊಡ್ಡ ತೂತಿನ ಓಂಪ್‌ಎಫ್ ಎಂಬ ಪ್ರೋಟೀನ್ ತಯಾರಾಗಲು ಅಷ್ಟೇ ಸಾಕು. ಫಾಸ್ಫೇಟ್ ಏರಿದ ಹಾಗೆ ಓಂಪ್‌ಎಫ್ ಇಳಿಯುತ್ತದೆ, ಕಿರಿದಾದ ತೂತಿನ ಓಂಪ್‌ಸಿ ಹೆಚ್ಚುತ್ತದೆ. ಅಂದರೆ ಇದು ಬರೀ ಆನ್-ಆಫ್ ಸ್ವಿಚ್ ಅಲ್ಲ, ಪ್ರಮಾಣವೇ ಸಂದೇಶ.

ಎನ್ವ್‌ಝಡ್ ಗುರುತಿಸುವುದು ಉಪ್ಪನ್ನೇ ಅಲ್ಲ. ಲ್ಯಾಬಿನಲ್ಲಿ ಉಪ್ಪಿನ ಬದಲು ಸಕ್ಕರೆ ಹಾಕಿದರೂ ಇದೇ ಬದಲಾವಣೆ ಕಾಣುತ್ತದೆ.

ಮಳೆಗಾಲದಲ್ಲಿ ಅಳಿವೆಗೆ ಸಿಹಿನೀರು ನುಗ್ಗುತ್ತದೆ ಅಲ್ವಾ? ಆಗ ಹಿಂದಿರುಗುವ ದಾರಿಯೂ ಬೇಕು. ಓಂಪ್‌ಆರ್ ಮೇಲಿನ ಫಾಸ್ಫೇಟನ್ನು ಕಿತ್ತು ತೆಗೆಯುವುದೂ ಎನ್ವ್‌ಝಡ್ಡೇ. ಈ ಕೀಳುವ ಶಕ್ತಿ ಕಳೆದುಕೊಂಡ ಮ್ಯೂಟೆಂಟ್‌ಗಳಲ್ಲಿ ಉಪ್ಪು ಕಡಿಮೆ ಇದ್ದರೂ ಓಂಪ್‌ಸಿ ಮಾತ್ರ ಬರುತ್ತಿರುತ್ತದೆ, ಓಂಪ್‌ಎಫ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ.