ನೆಗೆಟಿವ್ ಕಂಟ್ರೋಲ್‌ನಲ್ಲೂ ಬ್ಯಾಂಡ್ ಬರುತ್ತಿದ್ದರೆ

ಪ್ರಶ್ನೆ: ನಮ್ಮ ಪಿಸಿಆರ್ ಲ್ಯಾಬ್‌ನಲ್ಲಿ ಡಿಎನ್‌ಎ ಹಾಕದ ಟ್ಯೂಬ್‌ನಲ್ಲೂ ಆಗಾಗ ಬ್ಯಾಂಡ್ ಬರ್ತಿದೆ. ಇರೋದು ಎರಡೇ ರೂಮು. ಯುಎನ್‌ಜಿ ಕಿಣ್ವ ಇರೋ ಮಿಕ್ಸ್ ತಗೊಂಡ್ರೆ ಸಾಕಾಗುತ್ತಾ?

ಸಾಕಾಗಲ್ಲ. ಮೊದಲು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ನಾನು ಮಡಿಕೇರಿ ಹತ್ತಿರದ ಒಂದು ಸಣ್ಣ ಲ್ಯಾಬ್‌ನಲ್ಲಿ ಕರಿಮೆಣಸಿನ ಬಳ್ಳಿಯ ವೈರಸ್ ಪರೀಕ್ಷೆ ಮಾಡುತ್ತೇನೆ. ನಮ್ಮಲ್ಲೂ ಎರಡೇ ರೂಮು. ಒಂದು ಮಳೆಗಾಲದಲ್ಲಿ ನಿಮಗೆ ಆಗಿದ್ದೇ ನಮಗೂ ಆಯಿತು.

ನಾವು ಮೊದಲು ಮಾಡಿದ್ದು ಇಷ್ಟು. ಎಂಟು ಟ್ಯೂಬ್‌ಗೆ ಮಿಕ್ಸ್ ಜೊತೆ ಬರೀ ನೀರು ಹಾಕಿ, ಮಿಕ್ಸ್ ಮಾಡುವ ಜಾಗದಲ್ಲೇ ಮುಚ್ಚಳ ಹಾಕಿದೆವು. ಇನ್ನೆಂಟಕ್ಕೆ ಸ್ಯಾಂಪಲ್ ಡಿಎನ್‌ಎ ಹಾಕುವ ಮೇಜಿನ ಮೇಲೆ ನೀರು ಹಾಕಿದೆವು. ಜೊತೆಗೆ ಎಲೆ ಇಲ್ಲದೆ, ಬರೀ ಬಫರ್‌ನಿಂದ ಶುರು ಮಾಡಿ ಡಿಎನ್‌ಎ ತೆಗೆಯುವ ಎಲ್ಲಾ ಹಂತ ದಾಟಿಸಿದ ಒಂದು ಖಾಲಿ ಸ್ಯಾಂಪಲ್. ಇದರಲ್ಲಿ ಮಾತ್ರ ಬ್ಯಾಂಡ್ ಬಂದರೆ ತಪ್ಪು ಡಿಎನ್‌ಎ ತೆಗೆಯುವ ಕಡೆ ಇದೆ. ಮೊದಲನೇ ಗುಂಪಿನ ಎಂಟಕ್ಕೆ ಎಂಟರಲ್ಲೂ ಬಂದರೆ ನೀರು, ಪ್ರೈಮರ್ ಅಥವಾ ಮಿಕ್ಸ್ ಕೆಟ್ಟಿದೆ, ತೆರೆದ ಬಾಟಲಿ ಎಲ್ಲಾ ಎಸೆದುಬಿಡಿ, ಯಾವುದು ಅಂತ ಹುಡುಕುತ್ತಾ ಕೂರಬೇಡಿ. ನಮಗೆ ಆ ಎಂಟರಲ್ಲಿ ಮೂರರಲ್ಲಿ ಮಾತ್ರ ಬಂತು, ಅದೂ ಮಸುಕಾಗಿ. ಹೀಗೆ ಅಲ್ಲೊಂದು ಇಲ್ಲೊಂದು ಬಂದರೆ ಬಾಟಲಿಗಿಂತ ಗಾಳಿ, ಪಿಪೆಟ್, ಕೈ, ಬಟ್ಟೆ ಮೇಲೆ ಜಾಸ್ತಿ ಅನುಮಾನ ಪಡಬೇಕು.

ಆಮೇಲೆ ಒದ್ದೆ ಮಾಡಿದ ಹತ್ತಿ ಕಡ್ಡಿಯಿಂದ ಪಿಪೆಟ್, ಫ್ರಿಜ್ ಹಿಡಿ, ಬಾಗಿಲು, ಕೋಟಿನ ತೋಳು ಎಲ್ಲಾ ಒರೆಸಿದೆವು. ಪ್ರತಿ ಕಡ್ಡಿಯನ್ನೂ 100 ಮೈಕ್ರೊಲೀಟರ್ ನೀರಿನಲ್ಲಿ ಅದ್ದಿ, 2 ಮೈಕ್ರೊಲೀಟರ್ ಪಿಸಿಆರ್‌ಗೆ ಹಾಕಿದೆವು. ಕೋಟಿನ ತೋಳಿನದ್ದು ಪಾಸಿಟಿವ್ ಕಂಟ್ರೋಲ್‌ನಷ್ಟೇ ದಪ್ಪ ಬ್ಯಾಂಡ್! ಕಾರಣ ಮಳೆ. ಜುಲೈನಲ್ಲಿ ಇಲ್ಲಿ ಬಟ್ಟೆ ವಾರವಾದರೂ ಒಣಗಲ್ಲ. ಮೆಷಿನ್ ಇರುವ ಜೆಲ್ ರೂಮು ಬೆಚ್ಚಗಿರುತ್ತೆ ಅಂತ ಎಲ್ಲರೂ ಒಗೆದ ಕೋಟನ್ನು ಅಲ್ಲೇ ನೇತುಹಾಕಿ, ಬೆಳಿಗ್ಗೆ ಅದನ್ನೇ ಹಾಕಿಕೊಂಡು ಮಿಕ್ಸ್ ಮಾಡಲು ಹೋಗುತ್ತಿದ್ದರು.

ಇದು ಯಾಕೆ ಇಷ್ಟು ಕೆಡಿಸುತ್ತೆ ಅಂದರೆ, ಮುಗಿದ ಒಂದು 25 ಮೈಕ್ರೊಲೀಟರ್ ಟ್ಯೂಬ್‌ನಲ್ಲಿ ಡಿಎನ್‌ಎ ತುಣುಕಿನ ಸುಮಾರು ಒಂದು ಲಕ್ಷ ಕೋಟಿ ಪ್ರತಿಗಳಿರಬಹುದು. ಜೆಲ್‌ಗೆ ಹಾಕಲು ಮುಚ್ಚಳ ತೆಗೆದಾಗ ಒಂದು ಮೈಕ್ರೊಲೀಟರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಹಾರಿದರೂ ಅದರಲ್ಲಿ 40 ಸಾವಿರ ಪ್ರತಿ. ಕಣ್ಣಿಗೆ ಏನೂ ಕಾಣಲ್ಲ.

ಅದಕ್ಕೆ ಎರಡು ರೂಮಿನಲ್ಲಿ ಹೀಗೆ ಮಾಡಿ. ಒಂದನೇ ರೂಮಿನಲ್ಲಿ ಮುಚ್ಚಿದ ಪೆಟ್ಟಿಗೆಯಂಥ ಹುಡ್ ಒಳಗೆ ಮಿಕ್ಸ್, ಎದುರು ಮೂಲೆಯಲ್ಲಿ ಡಿಎನ್‌ಎ ತೆಗೆಯುವುದು ಮತ್ತು ಹಾಕುವುದು. ಎರಡನೇ ರೂಮಿನಲ್ಲಿ ಮೆಷಿನ್ ಮತ್ತು ಜೆಲ್. ಮುಗಿದ ಟ್ಯೂಬ್ ಒಂದನೇ ರೂಮಿಗೆ ಮುಚ್ಚಿಕೊಂಡೂ ಬರಬಾರದು. ಮೂರೂ ಕಡೆಗೆ ಬೇರೆ ಬೇರೆ ಪಿಪೆಟ್, ಫಿಲ್ಟರ್ ಟಿಪ್, ಕೋಟು, ಬರೆಯುವ ಪೆನ್ ಕೂಡ. ಬೆಳಿಗ್ಗೆ ಮೊದಲು ಮಿಕ್ಸ್, ಜೆಲ್ ರೂಮಿಗೆ ಹೋದ ಮೇಲೆ ಅವತ್ತು ವಾಪಸ್ ಬರೋದು ಬೇಡ. ಡಿಎನ್‌ಎ ಹಾಕುವಾಗ ನೀರಿನ ಟ್ಯೂಬನ್ನು ಸ್ಯಾಂಪಲ್‌ಗಳೆಲ್ಲ ಮುಗಿಯುವವರೆಗೆ ತೆರೆದಿಡಿ. ಅದನ್ನು ಮುಚ್ಚಿ, ಕೊನೆಗೆ ಪಾಸಿಟಿವ್ ಕಂಟ್ರೋಲ್ ಹಾಕಿ. ಮೊದಲೇ ಮುಚ್ಚಿದರೆ ನಡುವೆ ಆದ ತಪ್ಪು ಅದರಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಸ್ಪಿರಿಟ್‌ನಿಂದ ಒರೆಸಿದರೆ ಡಿಎನ್‌ಎ ನಾಶವಾಗಲ್ಲ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಅವತ್ತೇ ಬೆರೆಸಿ, ಹತ್ತು ನಿಮಿಷ ಬಿಟ್ಟು, ನೀರಿನಿಂದ ಒರೆಸಿ. ಗ್ವಾನಿಡಿನ್ ಇರುವ ಬಫರ್‌ಗೆ ಮಾತ್ರ ಬ್ಲೀಚ್ ತಾಗಿಸಬೇಡಿ, ವಿಷದ ಗಾಳಿ ಬರುತ್ತೆ.

ಇನ್ನು ಯುಎನ್‌ಜಿ. ಮಿಕ್ಸ್‌ನಲ್ಲಿ ಡಿಟಿಟಿಪಿ ಬದಲು ಡಿಯುಟಿಪಿ ಇದ್ದರೆ ಹೊಸ ಪ್ರತಿಗಳಲ್ಲಿ ಯುರಾಸಿಲ್ ಸೇರುತ್ತೆ. ಮುಂದಿನ ಸಲ 50 ಡಿಗ್ರಿಯಲ್ಲಿ 2 ನಿಮಿಷ ಇಟ್ಟಾಗ ಈ ಕಿಣ್ವ ಅಂಥವನ್ನು ಕೆಡಿಸುತ್ತೆ, ಆಮೇಲೆ 95 ಡಿಗ್ರಿಯಲ್ಲಿ ತಾನೂ ಕೆಲಸ ನಿಲ್ಲಿಸುತ್ತೆ. ಆದರೆ ನಿಮ್ಮ ಲ್ಯಾಬ್‌ನಲ್ಲಿ ಈಗಾಗಲೇ ಹರಡಿರುವ ಹಳೇ ಪ್ರತಿಗಳಲ್ಲಿ ಯುರಾಸಿಲ್ ಇಲ್ಲ. ಅವನ್ನು ಅದು ಮುಟ್ಟುವುದೇ ಇಲ್ಲ. ಒಂದು ಸ್ಯಾಂಪಲ್‌ನಿಂದ ಇನ್ನೊಂದಕ್ಕೆ ಸಿಡಿದ ಡಿಎನ್‌ಎ, ಪಾಸಿಟಿವ್ ಕಂಟ್ರೋಲ್‌ಗೆ ಇಟ್ಟ ಪ್ಲಾಸ್ಮಿಡ್, ಇವನ್ನೂ ಮುಟ್ಟಲ್ಲ. ತಗೊಳ್ಳಿ, ಒಳ್ಳೇದೇ, ಆದರೆ ಮೊದಲು ಜಾಗ ಶುದ್ಧ ಮಾಡಿಕೊಳ್ಳಿ.

ನೀರಿನ ಟ್ಯೂಬ್‌ನಲ್ಲಿ ಬ್ಯಾಂಡ್ ಬಂದ ದಿನದ ಪಾಸಿಟಿವ್ ರಿಪೋರ್ಟ್ ಒಂದನ್ನೂ ಕೊಡಬೇಡಿ. ನಾವು ಆ ವಾರದ ಆರು ಪಾಸಿಟಿವ್‌ಗಳನ್ನು, ಫ್ರೀಜರ್‌ನಲ್ಲಿ ಉಳಿಸಿದ್ದ ಎಲೆಯಿಂದ ಮತ್ತೆ ಮಾಡಿದೆವು. ಎರಡು ನೆಗೆಟಿವ್ ಬಂದವು. ಆ ಎರಡು ಸ್ಯಾಂಪಲ್‌ನ ತೋಟದವರು ನಮ್ಮ ಮೊದಲಿನ ಮಾತು ನಂಬಿ ಬಳ್ಳಿ ಕೀಳಲು ಆಳು ಗೊತ್ತು ಮಾಡಿದ್ದರು. ಅವತ್ತು ಸಂಜೆಯೇ ಫೋನ್ ಮಾಡಿ, "ತಪ್ಪು ನಮ್ಮದು, ಬಳ್ಳಿ ಕೀಳಬೇಡಿ" ಅಂತ ಹೇಳಿದೆ.